ಸೋಮವಾರ ಐದು-ಆರು, ಎಂಟನೇ ಬಿ

ಕಂಪ್ಯೂಟರ್ ನನಗೆ ಯಾರೂ ಕಲಿಸಲಿಲ್ಲ. ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ‘ಬಿ’ ವಿಭಾಗಕ್ಕೆ ಕಂಪ್ಯೂಟರ್ ಪೀರಿಯಡ್ಡೇ ಇರಲಿಲ್ಲ. ‘ಎ’ ವಿಭಾಗಕ್ಕೆ ಇತ್ತು. ಕೇಳಿದರೆ, “ಟೈಮ್‌ಟೇಬಲ್‌ನಲ್ಲಿ ಕೂರಲಿಲ್ಲ” ಎಂದರು. ಕೂರಲಿಲ್ಲ ಎಂದರೆ ಏನು, ಟೈಮ್‌ಟೇಬಲ್ ಏನು ಬಸ್ಸೇ, ಸೀಟು ಸಿಗದವರು ನಿಂತುಕೊಂಡು ಹೋಗುವುದಕ್ಕೆ? ಆಗ ಹಾಗೆ ಕೇಳುವ ಧೈರ್ಯ ಇರಲಿಲ್ಲ. ಮನೆಯಲ್ಲಿ ಅಪ್ಪ ಏರ್‌ಫೋರ್ಸಿನಿಂದ ನಿವೃತ್ತರಾಗುವಾಗ ತಂದಿದ್ದ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಆಟ ಓಡುತ್ತಿರಲಿಲ್ಲ. ಲೆಕ್ಕ ಹಾಕುವ ಸಾಲು-ಕಂಬಗಳ ಆ ಹಾಳೆ ಮಾತ್ರ ಓಡುತ್ತಿತ್ತು. ಬೇರೆ ಏನೂ ಇಲ್ಲದ್ದರಿಂದ ಅದರಲ್ಲೇ ಆಡಿದೆ. ಆಡುತ್ತಾ ಆಡುತ್ತಾ ಕಲಿತೆ.

ಹೀಗಾಗಿ ಇಪ್ಪತ್ಮೂರನೇ ವಯಸ್ಸಿಗೆ ನಾಗಪುರದ ರಾಮದಾಸಪೇಠಿನ ಒಂದು ಮರಾಠಿ ಶಾಲೆಯಲ್ಲಿ ನಾನು ಕಂಪ್ಯೂಟರ್ ಹೇಳಿಕೊಡುವ ಮೇಡಂ ಆದೆ. ಆರ್ಡರಿನಲ್ಲಿ ತಾತ್ಕಾಲಿಕ ಎಂದು ಬರೆದಿತ್ತು, ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯೂ ತಾತ್ಕಾಲಿಕ. ಯಾರಾದರೂ ಹಿರಿಯರು ಬಂದರೆ ಎದ್ದು ಕೊಡಬೇಕು. ಅಲ್ಲಿ ನಡೆಯುತ್ತಿದ್ದ ಮಾತೆಲ್ಲ ಮರಾಠಿಯದು. ಆದರೆ ನನ್ನ ಕಿವಿ ಅದನ್ನು ನಮ್ಮ ಮನೆಯ ವಿಜಯಪುರದ ಕನ್ನಡದಲ್ಲೇ ನೆನಪಿಟ್ಟುಕೊಂಡಿದೆ, ಹಾಗೆಯೇ ಬರೆಯುತ್ತೇನೆ.

ಆ ಶಾಲೆಯ ಟೈಮ್‌ಟೇಬಲ್‌ಗೆ ಒಂದು ಪದ್ಧತಿ ಇತ್ತು. ಹೆಡ್ ಸರ್ ನಂತರದ ಸ್ಥಾನದ ಸೂಪರ್‌ವೈಸರ್ ಮೇಡಂ ಹತ್ತಿರ ಕೆಂಪು ಬಟ್ಟೆಯ ಬೆನ್ನಿನ ಒಂದು ಉದ್ದ ರಿಜಿಸ್ಟರ್. ಟೈಮ್‌ಟೇಬಲ್ ಪೂರ್ತಿ ಅದರಲ್ಲಿ ವಾಕ್ಯಗಳಾಗಿ ಇರುತ್ತಿತ್ತು. ಒಂದೇ ಒಂದು ಗೆರೆ ಇಲ್ಲ, ಚೌಕ ಇಲ್ಲ. “ಐದನೇ ತರಗತಿಗೆ ಗಣಿತ ದಿನವೂ, ಊಟಕ್ಕೆ ಮೊದಲು.” “ಪಿಟಿ ಸರ್ ಒಂದೇ ಹೊತ್ತಿಗೆ ಎರಡು ತರಗತಿಗಳನ್ನು ಮೈದಾನಕ್ಕೆ ಒಯ್ಯಬಾರದು.” “ಹತ್ತನೇ ಎ ತರಗತಿಯ ವಿಜ್ಞಾನ ಪ್ರಾಕ್ಟಿಕಲ್ ಸೋಮವಾರ ಊಟದ ನಂತರ, ಐದು ಮತ್ತು ಆರು.” ಪ್ರತಿ ಜೂನ್ ಕೊನೆಗೆ, ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ, ಹಿಂದಿನ ವರ್ಷದ ವಾಕ್ಯಗಳನ್ನು ಹೊಸ ಪುಟಕ್ಕೆ ಇಳಿಸಿಕೊಂಡು, ಮೊದಲ ಶನಿವಾರ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಕೂಲರ್ ಗರಗರ ತಿರುಗುತ್ತಿರುವಾಗ ಪ್ರತಿಯೊಬ್ಬರೂ ತಮಗೆ ಸಂಬಂಧಪಟ್ಟದ್ದನ್ನಷ್ಟೇ ಡೈರಿಯಲ್ಲಿ ಬರೆದುಕೊಳ್ಳಬೇಕು. ಇಡೀ ಟೈಮ್‌ಟೇಬಲ್ ಒಟ್ಟಿಗೆ ಹೇಗೆ ಕಾಣುತ್ತದೆಂದು ಯಾರೂ ನೋಡಿರಲಿಲ್ಲ, ಬಹುಶಃ ಮೇಡಂ ಕೂಡ. ಮೊದಲ ವಾರ ಇಬ್ಬರು ಟೀಚರು ಒಂದೇ ತರಗತಿಯ ಬಾಗಿಲಲ್ಲಿ ಎದುರಾಗುತ್ತಿದ್ದರು, ಇನ್ನೊಂದು ತರಗತಿಗೆ ಯಾರೂ ಹೋಗುತ್ತಿರಲಿಲ್ಲ. ಅದನ್ನು ಎಲ್ಲರೂ ಮಳೆಗಾಲದ ನೆಗಡಿಯಂತೆ ಸಹಿಸಿಕೊಂಡಿದ್ದರು.

ಈ ವರ್ಷ ಮೇಲಿನವರು ಇಡೀ ವಾರದ ಕೋಷ್ಟಕವನ್ನು ಒಂದೇ ಹಾಳೆಯಲ್ಲಿ ಕಳಿಸಿ ಎಂದು ಕೇಳಿದ್ದರಂತೆ. ಹೆಡ್ ಸರ್ ನನ್ನನ್ನು ಕರೆದು ಆ ರಿಜಿಸ್ಟರ್ ಕೈಗಿಟ್ಟರು.

“ಇದನ್ನ ಚೌಕದಾಗ ಹಾಕಿ ಕೊಡ್ರಿ. ಶನಿವಾರದೊಳಗ.”

ಸೂಪರ್‌ವೈಸರ್ ಮೇಡಂ ಪಕ್ಕದಲ್ಲೇ ಕುಳಿತಿದ್ದರು. ನಿವೃತ್ತಿಗೆ ಎರಡು ವರ್ಷ ಇತ್ತು, ಧ್ವನಿಗೆ ಮಾತ್ರ ಇನ್ನೂ ಇಪ್ಪತ್ತು ವರ್ಷ ಸರ್ವಿಸ್ ಇತ್ತು. “ಏ ಪೋರಿ, ಬರೇ ಟೈಪ್ ಮಾಡು,” ಎಂದರು. “ತಲಿ ಓಡಸಬ್ಯಾಡ.”

ಓಡಿಸಬಾರದು ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ಕಂಪ್ಯೂಟರ್ ಕೋಣೆಯಲ್ಲಿ ಕೂತು ಮೊದಲ ವಾಕ್ಯದಿಂದ ಶುರು ಮಾಡಿದೆ. ಅಡ್ಡಕ್ಕೆ ಸೋಮವಾರದಿಂದ ಶನಿವಾರ, ಉದ್ದಕ್ಕೆ ಒಂದರಿಂದ ಎಂಟು. ಶನಿವಾರ ಬೆಳಗಿನ ಶಾಲೆ, ಐದೇ ಪೀರಿಯಡ್, ಅದರ ಕೆಳಗಿನ ಮೂರು ಮನೆಗೆ ಕಪ್ಪು ಬಣ್ಣ. ಐದು ದಿನಕ್ಕೆ ಎಂಟೆಂಟು ನಲವತ್ತು, ಶನಿವಾರದ್ದು ಐದು, ಒಟ್ಟು ನಲವತ್ತೈದು ಮನೆ. ಪ್ರತಿ ತರಗತಿಗೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಎಂಟನೇ ಬಿ ಪುಟಕ್ಕೆ ಬಂದಾಗ ನಿಂತೆ. ಅಲ್ಲಿ ಹೀಗಿತ್ತು: “ಎಂಟನೇ ಬಿ: ಚಿತ್ರಕಲೆ ಈ ವರ್ಷ ಇಲ್ಲ. ಆ ಎರಡು ಪೀರಿಯಡ್ ಗಣಿತಕ್ಕೆ.”

ಎಂಟನೇ ಬಿ ಈ ವರ್ಷದ ಹೊಸ ವಿಭಾಗ. ಹತ್ತಿರದ ಒಂದು ಚಿಕ್ಕ ಶಾಲೆ ಮುಚ್ಚಿದ್ದರಿಂದ ಅಲ್ಲಿಯ ಮಕ್ಕಳೆಲ್ಲ ನಮ್ಮಲ್ಲಿಗೆ ಬಂದಿದ್ದರು. ಗಾಂಧಿಬಾಗಿನ ಅಂಗಡಿಗಳಲ್ಲಿ ಮೂಟೆ ಹೊರುವವರ, ಆಸ್ಪತ್ರೆಗಳಲ್ಲಿ ನೆಲ ಒರೆಸುವವರ ಮಕ್ಕಳೇ ಹೆಚ್ಚು. ಎಂಟನೆಯಿಂದ ಮಕ್ಕಳು ಸರ್ಕಾರಿ ಚಿತ್ರಕಲಾ ಪರೀಕ್ಷೆಗೆ ತಯಾರಾಗುತ್ತಾರೆ, ಅದು ಪಾಸಾದರೆ ಹತ್ತನೆಯಲ್ಲಿ ಒಂದಿಷ್ಟು ಅಂಕ ಸೇರುತ್ತದೆ. ಎ ವಿಭಾಗ ಆ ಪರೀಕ್ಷೆ ಬರೆಯುತ್ತದೆ, ಬಿ ಬರೆಯುವುದಿಲ್ಲ.

ರಿಜಿಸ್ಟರ್ ಎತ್ತಿಕೊಂಡು ಸ್ಟಾಫ್ ರೂಮಿಗೆ ಹೋದೆ.

“ಮೇಡಂ, ಎಂಟನೇ ಬಿಗೆ ಡ್ರಾಯಿಂಗ್ ಯಾಕಿಲ್ರಿ?”

“ಕೂಡಲಿಲ್ಲ,” ಎಂದರು ಅವರು, ಕನ್ನಡಕ ಒರೆಸುತ್ತಾ. “ಟೈಮ್‌ಟೇಬಲ್‌ದಾಗ ಕೂಡಲಿಲ್ಲ.”

ಅದೇ ಮಾತು. ಹತ್ತು ವರ್ಷದ ಹಿಂದಿನ ಅದೇ ಮಾತು!

“ಡ್ರಾಯಿಂಗ್ ಸರ್ ಕಳಮೇಶ್ವರದಿಂದ ವಾರಕ್ಕ ಮೂರ ದಿನ ಬರ್ತಾರ,” ಎಂದು ಅವರೇ ಬಿಡಿಸಿ ಹೇಳಿದರು. “ಬಸ್ ಇಳಿದು ಬರೂದ್ರಾಗ ಮೂರನೇ ಪೀರಿಯಡ್. ಆರನೇದ್ದು ಮುಗಿಸಿ ವಾಪಸ್ ಬಸ್. ಎರಡೆರಡು ಪೀರಿಯಡ್ ಜೋಡಿ ಬೇಕು, ಬಣ್ಣ ಒಣಗಬೇಕಲ್ಲ. ಹೋದ ವರ್ಷ ಐದು ತರಗತಿ ಇದ್ದವು, ಐದು ಜೋಡಿ ಇದ್ದವು. ಈಗ ತರಗತಿ ಆರು. ಜೋಡಿ ಐದೇ. ಮತ್ತ ಆ ಮಕ್ಕಳಿಗೆ ಡ್ರಾಯಿಂಗ್ ತಗೊಂಡು ಏನ ಆಗಬೇಕೈತಿ? ಗಣಿತ ಬಂದ್ರ ಸಾಕು.”

ಮೂಲೆಯಲ್ಲಿ ಪೋಹಾ ತಿನ್ನುತ್ತಿದ್ದ ಗಣಿತದ ಸರ್ ತಲೆಯಾಡಿಸಿದರು. “ನಂದೇನ ಅಡ್ಡಿಯಿಲ್ರಿ. ಎರಡ ಹೆಚ್ಚಿಗಿ ಕೊಟ್ರ ತಗೋತೀನಿ.”

“ಕೂಡ್ತದ,” ಎಂದೆ.

“ಏನಂದಿ?”

“ಕೂಡ್ತದ ಅಂದೆ. ನಾ ಕೂಡಿಸಿ ತೋರಸ್ತೀನಿ.”

ಇಡೀ ಕೋಣೆ ನಕ್ಕಿತು. ಯಾರೋ ನನಗೆ ಕಂಪ್ಯೂಟರ್‌ವಾಲಿ ಎಂದರು. ಕೂಡುತ್ತದೆಯೋ ಇಲ್ಲವೋ ನನಗೆ ಆ ಕ್ಷಣಕ್ಕೆ ಗೊತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬಾಯಿಂದ ಬಂದುಬಿಟ್ಟಿತ್ತು. ಬಂದ ಮೇಲೆ ಅದನ್ನು ನಿಜ ಮಾಡದೆ ಬೇರೆ ದಾರಿ ಇರಲಿಲ್ಲ.

ಮೊದಲ ಎರಡು ದಿನ ಪೂರ್ತಿ ಸೋತೆ. ರಿಜಿಸ್ಟರಿನ ಕ್ರಮದಲ್ಲೇ ತುಂಬುತ್ತಿದ್ದೆ, ಐದನೇ ತರಗತಿ ಮುಗಿಸಿ ಆರನೆಯದು, ಅದು ಮುಗಿಸಿ ಏಳನೆಯದು. ಎಂಟಕ್ಕೆ ಬರುವಷ್ಟರಲ್ಲಿ ಎಲ್ಲ ಟೀಚರುಗಳೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತಿದ್ದರು. ಒಂದು ಮನೆ ಬಿಡಿಸಿದರೆ ನಾಲ್ಕು ಮನೆ ಕೆಂಪಾಗುತ್ತಿತ್ತು. ಒಬ್ಬರೇ ಟೀಚರು ಒಂದೇ ಹೊತ್ತಿಗೆ ಎರಡು ಕಡೆ ಬಂದರೆ ಆ ಮನೆ ಕೆಂಪಾಗುವ ಹಾಗೆ ಮಾಡಿದ್ದೆ. ಆ ಸೂತ್ರ ಬರೆಯಲು ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು, ಅದು ಕೆಲಸ ಮಾಡಿದಾಗ ಕುರ್ಚಿಯ ಮೇಲೆ ಕುಣಿದದ್ದೂ ನಿಜ. ಆಮೇಲೆ ಪರದೆ ತುಂಬ ಕೆಂಪೇ ಕೆಂಪು.

ಮನೆಯಲ್ಲಿ ಅವ್ವ ನನ್ನ ಹೆಗಲ ಮೇಲಿಂದ ಇಣುಕಿದಳು. “ಏನವಾ, ಚೌಕಾಬಾರ ಆಡಾಕತ್ತೀಯೇನ?”

“ಹೂಂ. ಕಾಯಿ ಎಲ್ಲಾ ಸಿಕ್ಕೊಂಡಾವ.”

“ಮತ್ತ ಯಾವ ಕಾಯಿಗೆ ದಾರಿ ಕಡಿಮಿ ಐತಿ, ಅದನ್ನ ಮೊದಲ ಎಬ್ಬಿಸಬೇಕಲ್ಲ? ಎಲ್ಲಿ ಬೇಕಾದಲ್ಲಿ ಹೋಗೂ ಕಾಯಿ ಆಮ್ಯಾಲೂ ಹೋಗ್ತಾವ.” ಹೀಗೆಂದು ಅವಳು ಕುಕ್ಕರ್ ಇಳಿಸಲು ಹೋದಳು.

ನಾನು ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಎಲ್ಲರಿಗಿಂತ ಕಡಿಮೆ ದಾರಿ ಇರುವವರು ಮೊದಲು. ಅಂದರೆ ಡ್ರಾಯಿಂಗ್ ಸರ್. ಸೋಮ, ಬುಧ, ಶುಕ್ರ; ಮೂರರಿಂದ ಆರು. ಆಮೇಲೆ ವಿಜ್ಞಾನದ ಪ್ರಾಕ್ಟಿಕಲ್, ಅದಕ್ಕೂ ಜೋಡಿ ಬೇಕು. ಆಮೇಲೆ ಮೈದಾನ. ಭಾಷೆ, ಗಣಿತ ಇಂಥವು ಕೊನೆಗೆ, ಅವು ಎಲ್ಲಿ ಬೇಕಾದರೂ ಕೂರುತ್ತವೆ. ಪರದೆಯ ಮೇಲೆ ಕೆಂಪು ಕಡಿಮೆಯಾಗುತ್ತಾ ಬಂತು. ಎಂಟನೇ ಬಿ ಚಿತ್ರಕಲೆಗೂ ಬುಧವಾರ ಒಂದು ಜೋಡಿ ಸಿಕ್ಕಿಬಿಟ್ಟಿತು. ನಾಲ್ಕು ಮತ್ತು ಐದು!

ಆ ದಿನ ಬುಧವಾರವೇ. ಇನ್ನೊಂದು ತರಗತಿಗೆ ಜೋಡಿ ಹುಡುಕುವುದು ಬಾಕಿಯಿತ್ತು, ಅದಕ್ಕೂ ನಿಲ್ಲದೆ ಡ್ರಾಯಿಂಗ್ ಸರ್ ಬಸ್ಸಿಳಿದು ಬರುವುದನ್ನೇ ಕಾದು ಓಡಿದೆ. ಅವರ ತಾಯಿ ಅಕ್ಕಲಕೋಟೆ ಕಡೆಯವರು, ಆದ್ದರಿಂದ ಶಾಲೆಯಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವರು ಅವರೊಬ್ಬರೇ. ಅವರು ನನ್ನ ಹಾಳೆ ನೋಡಿ ನಗಲು ಶುರು ಮಾಡಿದರು.

“ನಾಕು ಮತ್ತ ಐದು ನಿನ್ನ ಕಾಗದದಾಗ ಅಕ್ಕಪಕ್ಕ ಅದಾವು ಯವ್ವಾ. ಸಾಲಿಯೊಳಗ ಅವುಗಳ ನಡುವ ಊಟದ ಬಿಡುವು ಐತಿ. ಐನೂರ ಡಬ್ಬಿ ತಕ್ಕೊಂಡು ಮಕ್ಕಳು ಹೊರಗ ಬರ್ತಾವ. ಹಸಿ ಚಿತ್ರದ ಮ್ಯಾಲೆ ಚಪಾತಿ ಇಟ್ಕೊಂಡು ತಿನ್ನಬೇಕೇನ?”

ಕೋಷ್ಟಕದಲ್ಲಿ ಊಟದ ಬಿಡುವಿಗೆ ಸಾಲೇ ಹಾಕಿರಲಿಲ್ಲ. ರಿಜಿಸ್ಟರಿನಲ್ಲಿ ಅದರ ವಾಕ್ಯವೂ ಇರಲಿಲ್ಲ. ಯಾರು ಬರೆಯುತ್ತಾರೆ, ಎಲ್ಲರಿಗೂ ಗೊತ್ತಿರುವುದನ್ನು? ಹಾಳೆ ನಾನು ಹೇಳಿದ್ದನ್ನಷ್ಟೇ ನಂಬಿತ್ತು.

“ಬೇಜಾರ ಮಾಡ್ಕೋಬ್ಯಾಡ,” ಎಂದರು ಸರ್. “ಬಿಡು. ಆ ಮಕ್ಕಳಿಗೆ ಊಟದ ಬಿಡುವಿನ್ಯಾಗ ಹಂಗೇ ಒಂದೀಟು ತೋರಸ್ತೀನಿ.”

“ಯಾಕ್ರಿ ಬಿಡಬೇಕು? ಎ ವಿಭಾಗದವರಿಗೆ ಊಟದ ಬಿಡುವಿನ್ಯಾಗ ತೋರಸ್ತೀರೇನು?”

ಅವರು ನಗು ನಿಲ್ಲಿಸಿದರು. ನಾಲ್ಕು ಐದರ ನಡುವೆ ಒಂದು ದಪ್ಪ ಬೂದು ಸಾಲು ಎಳೆದೆ, ಊಟ ಎಂದು ಬರೆದೆ. ಈಗ ಲೆಕ್ಕ ಸ್ವಚ್ಛವಾಯಿತು. ಸರ್‌ಗೆ ದಿನಕ್ಕೆ ಎರಡೇ ಜೋಡಿ, ಮೂರು-ನಾಲ್ಕು ಮತ್ತು ಐದು-ಆರು. ಮೂರು ದಿನಕ್ಕೆ ಆರು ಜೋಡಿ. ತರಗತಿಗಳೂ ಆರು: ಐದು, ಆರು, ಏಳರ ಎರಡು, ಎಂಟರ ಎರಡು. ಸರಿಯಾಗಿ ಕೂರಬೇಕಲ್ಲ! ಮೇಡಂ ಐದೇ ಜೋಡಿ ಎಂದದ್ದು ಯಾಕೆ?

“ಸೋಮವಾರ ಐದು-ಆರು ನಂಗ ಖೋಲಿ ಇರಂಗಿಲ್ಲ,” ಎಂದರು ಸರ್. “ನಳದ ಖೋಲಿ.”

ನಮ್ಮ ಶಾಲೆಯಲ್ಲಿ ಒಳಗೆ ನಳ ಇರುವ ಕೋಣೆ ಒಂದೇ. ವಿಜ್ಞಾನದ ಪ್ರಾಕ್ಟಿಕಲ್ ಅಲ್ಲೇ, ಚಿತ್ರಕಲೆಯೂ ಅಲ್ಲೇ. ಹೊಸ ಬೆಂಚುಗಳ ಮೇಲೆ ಬಣ್ಣದ ನೀರು ಚೆಲ್ಲಿದ ಮೇಲೆ ತರಗತಿಗಳಲ್ಲಿ ಬಣ್ಣ ಹಾಕಬಾರದೆಂದು ಹೆಡ್ ಸರ್ ನೋಟಿಸ್ ಹಾಕಿದ್ದರು. ಸೋಮವಾರ ಊಟದ ನಂತರ ಆ ಕೋಣೆ ಹತ್ತನೇ ಎ ಪ್ರಾಕ್ಟಿಕಲ್‌ಗೆ ಹೋಗುತ್ತಿತ್ತು. ಆಗ ನನಗೆ ಹೊಳೆಯಿತು: ತರಗತಿಗೊಂದು ಕೋಷ್ಟಕ ಮಾಡಿದ್ದೆ, ಟೀಚರಿಗೊಂದು ಮಾಡಿದ್ದೆ. ಕೋಣೆಗೆ ಮಾಡಿರಲಿಲ್ಲ. ಕೋಣೆಯೂ ಒಬ್ಬ ಟೀಚರ್ ಇದ್ದಂತೆ, ಒಂದೇ ಹೊತ್ತಿಗೆ ಎರಡು ಕಡೆ ಇರಲಾರದು.

ನಳದ ಕೋಣೆಗೆ ಒಂದು ಹಾಳೆ ಮಾಡಿದೆ. ನೋಡಿದರೆ ಅಲ್ಲಿ ಹಾಳೆ ತುಂಬ ಖಾಲಿ ಮನೆ! ಡ್ರಾಯಿಂಗಿನ ಐದು ಜೋಡಿ, ಒಂಬತ್ತು ಹತ್ತರ ನಾಲ್ಕು ಪ್ರಾಕ್ಟಿಕಲ್ ಜೋಡಿ, ಉಳಿದದ್ದೆಲ್ಲ ಬಿಳಿ. ಡ್ರಾಯಿಂಗ್ ಸರ್ ದಿನ ಬದಲಾಯಿಸಲಾರರು, ಉಳಿದ ಮೂರು ದಿನ ಅವರು ಕಳಮೇಶ್ವರದ ಶಾಲೆಯಲ್ಲಿರುತ್ತಾರೆ. ಆದರೆ ಹತ್ತನೇ ಎ ಪ್ರಾಕ್ಟಿಕಲ್ ಬದಲಾಗಬಹುದಲ್ಲ? ಸೋಮವಾರವೇ ಯಾಕೆ?

ಆ ಪ್ರಶ್ನೆಯಿಂದ ನನಗೊಂದು ಚಟ ಹತ್ತಿತು. ರಿಜಿಸ್ಟರಿನ ಎಲ್ಲ ವಾಕ್ಯಗಳನ್ನೂ ಒಂದು ಹಾಳೆಯಲ್ಲಿ ಹಾಕಿ, ಪಕ್ಕದಲ್ಲಿ ‘ಯಾಕೆ’ ಎಂದು ಒಂದು ಕಂಬ ಮಾಡಿದೆ. ಪಿಟಿ ಸರ್ ಎರಡು ತರಗತಿ ಒಯ್ಯಬಾರದು, ಯಾಕೆ? ಮೈದಾನ ಚಿಕ್ಕದು. ಐದನೆಯವರಿಗೆ ಗಣಿತ ಊಟಕ್ಕೆ ಮೊದಲು, ಯಾಕೆ? ಊಟದ ಮೇಲೆ ನಿದ್ದೆ ಬರುತ್ತದೆ. ಜಗಳದ ಎಂಟನೇ ಬಿ ವಾಕ್ಯ ಬಿಟ್ಟು ಒಟ್ಟು ನೂರಾ ಹನ್ನೆರಡು. ಎಲ್ಲರ ಹಿಂದೆ ಬಿದ್ದು ಕೇಳಿದೆ. ಕೆಲವರು ಬೈದರು, ಕೆಲವರು ಚಹಾ ಕೊಟ್ಟು ಹೇಳಿದರು. ಸೋಮವಾರದ ಪ್ರಾಕ್ಟಿಕಲ್ ವಾಕ್ಯಕ್ಕೆ ಮಾತ್ರ ಯಾರ ಬಳಿಯೂ ಉತ್ತರ ಇರಲಿಲ್ಲ. ವಿಜ್ಞಾನದ ಮೇಡಂ, “ನಾ ಬಂದಾಗಿಂದ ಹಂಗೇ ಐತಿ” ಎಂದರು. ಯಾವತ್ತು ಬೇಕಾದರೂ ಮಾಡುತ್ತಾರಂತೆ, ಕೊನೆಯ ಪೀರಿಯಡ್ ಒಂದು ಬೇಡವಂತೆ.

ಉತ್ತರ ಸಿಕ್ಕಿದ್ದು ಗಂಟೆ ಹೊಡೆಯುವ ಶಿಪಾಯಿ ಕಾಕಾ ಹತ್ತಿರ.

“ಅದಾ?” ಎಂದರು ಅವರು, ಗಂಟೆಯ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು. “ಆಗ ಆ ನಳಕ್ಕ ಸೋಮವಾರ ಮಧ್ಯಾಹ್ನ ಮಾತ್ರ ನೀರು ಇರ್ತಿತ್ತವ್ವಾ. ಮಾಳಗಿ ಮ್ಯಾಲೆ ಒಂದ ಡ್ರಮ್ ಇತ್ತು, ವಾರಕ್ಕೊಮ್ಮೆ ನಾನೇ ತುಂಬಸ್ತಿದ್ದೆ. ಆಗ ಹತ್ತನೇದು ಒಂದೇ ತರಗತಿ. ಆ ಡ್ರಮ್ ತುಕ್ಕ ಹಿಡಿದು ಹೋಗಿ ಎಷ್ಟೋ ವರ್ಷ ಆತು. ಈಗ ದಿನಾ ನೀರು ಬರ್ತದಲ್ಲ.”

ನಾನು ಓಡಿಹೋಗಿ ‘ಯಾಕೆ’ ಕಂಬದಲ್ಲಿ ಬರೆದೆ: ಡ್ರಮ್. ಇಲ್ಲದ ಒಂದು ಡ್ರಮ್ಮಿಗಾಗಿ ನಲವತ್ತು ಮಕ್ಕಳ ಚಿತ್ರಕಲೆ ಹೋಗಿತ್ತು.

ಇನ್ನು ಹತ್ತನೇ ಎ ಪ್ರಾಕ್ಟಿಕಲ್‌ಗೆ ಜಾಗ ಹುಡುಕಬೇಕಿತ್ತು. ಒಂಬತ್ತು ಹತ್ತರ ನಾಲ್ಕೂ ವಿಭಾಗಕ್ಕೆ ವಿಜ್ಞಾನದ ಮೇಡಂ ಒಬ್ಬರೇ. ಎಲ್ಲಿ ಇಟ್ಟರೂ ಮೂರ್ನಾಲ್ಕು ಪಾಠ ಕಿತ್ತು ಬರುತ್ತಿದ್ದವು. ಒಂದೇ ಜಾಗದಲ್ಲಿ ಎಲ್ಲ ಸಲೀಸಾಗಿತ್ತು, ಒಂದೇ ಅದಲು-ಬದಲು. ಗುರುವಾರ ಒಂದು-ಎರಡು. ಆಗ ವಿಜ್ಞಾನದ ಮೇಡಂ ಖಾಲಿ, ನಳದ ಕೋಣೆಯೂ ಖಾಲಿ. ಆ ಎರಡು ಪೀರಿಯಡ್ ಹತ್ತನೇ ಎ ತರಗತಿಯಲ್ಲಿ ಇದ್ದದ್ದು ಮರಾಠಿ, ಪ್ರಬಂಧ ಬರೆಸುವ ಜೋಡಿ. ಅದನ್ನು ಸೋಮವಾರ ಐದು-ಆರಕ್ಕೆ ತಂದರೆ ಮುಗಿಯಿತು.

ಹತ್ತನೇ ಎ ಮರಾಠಿ ಯಾರದು? ಸೂಪರ್‌ವೈಸರ್ ಮೇಡಂದು. ಆ ತರಗತಿಯ ಕ್ಲಾಸ್ ಟೀಚರೂ ಅವರೇ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ರಿಜಿಸ್ಟರಿನಲ್ಲಿ ಅವರು ತಮಗಾಗಿ ಬರೆದುಕೊಂಡ ವಾಕ್ಯ ಎರಡಿದ್ದವು. “ಹತ್ತನೇ ಎ ತರಗತಿಯ ಮೊದಲ ಪೀರಿಯಡ್ ಎಲ್ಲ ದಿನವೂ ಕ್ಲಾಸ್ ಟೀಚರದು, ಹಾಜರಿಗಾಗಿ.” “ಸೋಮವಾರ ಊಟದ ನಂತರ ಸೂಪರ್‌ವೈಸರ್‌ಗೆ ಆಫೀಸ್ ಕೆಲಸ.” ನನ್ನ ಅದಲು-ಬದಲು ಈ ಎರಡನ್ನೂ ಮುರಿಯುತ್ತಿತ್ತು. ಡ್ರಮ್ಮಿನದ್ದೂ ಸೇರಿದರೆ ಮೂರು. ಎಂಟನೇ ಬಿಗೆ ಚಿತ್ರಕಲೆ ಸಿಗಬೇಕಾದರೆ ಇಡೀ ಶಾಲೆಯಲ್ಲಿ ಬಿಟ್ಟುಕೊಡಬೇಕಾದವರು ಒಬ್ಬರೇ, ಸೂಪರ್‌ವೈಸರ್ ಮೇಡಂ.

ಡ್ರಾಯಿಂಗ್ ಸರ್ ಹಾಳೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. “ಬ್ಯಾಡವಾ. ನಿಂದು ತಾತ್ಕಾಲಿಕ ನೌಕರಿ.”

“ಡ್ರಮ್ಮೂ ತಾತ್ಕಾಲಿಕನೇ ಇತ್ತಲ್ರಿ,” ಎಂದೆ. ಧೈರ್ಯಕ್ಕೆ ಹಾಗೆಂದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಡೈರಿ ಹಿಡಿದು ಸ್ಟಾಫ್ ರೂಮಿನಲ್ಲಿ ಕೂತರು. ಹೊರಗೆ ಆಸ್ಪತ್ರೆಯ ಆಂಬ್ಯುಲೆನ್ಸ್ ಕೂಗುತ್ತಾ ಹೋಯಿತು. ಗಾಂಧಿಬಾಗಿನಿಂದ ತಂದಿದ್ದ ದೊಡ್ಡ ಚಾರ್ಟ್ ಕಾಗದದ ಮೇಲೆ ಇಡೀ ಕೋಷ್ಟಕವನ್ನು ಪ್ರಿಂಟ್ ತುಂಡುಗಳಿಂದ ಅಂಟಿಸಿ ಗೋಡೆಗೆ ಹಾಕಿದ್ದೆ. ಹೆಡ್ ಸರ್ ಬಂದು ನೋಡಿದರು. ಎಂಟನೇ ಬಿ ಮುಂದೆ ಚಿತ್ರಕಲೆ ಕಂಡು ಸೂಪರ್‌ವೈಸರ್ ಮೇಡಂ ಕಡೆ ತಿರುಗಿದರು.

“ಇದು ನನ್ನ ಟೈಮ್‌ಟೇಬಲ್ ಅಲ್ಲ,” ಎಂದರು ಮೇಡಂ. ರಿಜಿಸ್ಟರ್ ತೆರೆದರು. “ಎಲ್ಲರ ಮುಂದ ಓದ್ತೀನಿ. ಒಂದ ವಾಕ್ಯ ತಪ್ಪಿದ್ರೂ ಇದನ್ನ ಹರದು ಹಾಕೂದು, ಹಳೇದ ನಡೀತದ. ಬರೋಬರ್?”

“ಬರೋಬರ್ ಇಲ್ರಿ,” ಎಂದೆ. “ಎಂಟನೇ ಬಿದು ಬಿಟ್ರ ಇನ್ನ ಮೂರು ತಪ್ತಾವ. ಮೊದಲೇ ಹೇಳಿಬಿಡ್ತೀನಿ. ಮೂರೂ ನಿಮ್ಮವೇ.”

ಗಣಿತದ ಸರ್ ಕೆಮ್ಮಿದರು. ಮೇಡಂ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಮೊದಲ ಪುಟದಿಂದ ಓದಲು ಶುರು ಮಾಡಿದರು.

ಅವರು ಒಂದೊಂದು ವಾಕ್ಯ ಓದುವುದು, ನಾನು ಗೋಡೆಯ ಮೇಲೆ ಬೆರಳಿಡುವುದು. “ಐದನೇ ತರಗತಿಗೆ ಗಣಿತ ದಿನವೂ, ಊಟಕ್ಕೆ ಮೊದಲು.” ಇಲ್ಲಿ, ಇಲ್ಲಿ, ಇಲ್ಲಿ. “ಇಂಗ್ಲಿಷ್ ಮೇಡಂಗೆ ಒಂದರ ಹಿಂದೆ ಒಂದು ನಾಲ್ಕು ಪೀರಿಯಡ್ ಬೇಡ.” ಇಲ್ಲ, ಮೂರಕ್ಕಿಂತ ಹೆಚ್ಚಿಲ್ಲ. ಮೇಡಂ ಮೋಸ ಮಾಡಲಿಲ್ಲ, ಆದರೆ ಕರುಣೆಯನ್ನೂ ತೋರಿಸಲಿಲ್ಲ. ನಡುವೆ ಹಿಂದಿನ ಪುಟಕ್ಕೆ ಜಿಗಿದು ಮತ್ತೆ ಕೇಳುತ್ತಿದ್ದರು, ನಾನು ತಡವರಿಸುತ್ತೇನೋ ಎಂದು. ಎಂಟನೇ ಬಿ ಪಾಠಗಳನ್ನು ಎಣಿಸು ಎಂದರು. ಎಣಿಸಿದೆ: ಮರಾಠಿ ಆರು, ಹಿಂದಿ ಐದು, ಇಂಗ್ಲಿಷ್ ಏಳು, ಗಣಿತ ಎಂಟು, ವಿಜ್ಞಾನ ಏಳು, ಇತಿಹಾಸ-ಭೂಗೋಳ ಆರು, ಪಿಟಿ ಮೂರು, ಕಂಪ್ಯೂಟರ್ ಒಂದು, ಚಿತ್ರಕಲೆ ಎರಡು. ನಲವತ್ತೈದು. ಸರಿಯಾಗಿತ್ತು.

ನೂರಾ ಒಂಬತ್ತು ವಾಕ್ಯ ನಿಂತವು. ಯಾರೋ ಹಿಂದಿನಿಂದ, “ಅರೆ ವಾ” ಎಂದರು. ಮೇಡಂ ಉಳಿದ ಮೂರಕ್ಕೆ ಬಂದರು.

“ಹತ್ತನೇ ಎ ಪ್ರಾಕ್ಟಿಕಲ್ ಸೋಮವಾರ,” ಎಂದು ಓದಿ ನಿಲ್ಲಿಸಿದರು. “ಎಲ್ಲೈತಿ?”

“ಗುರುವಾರಕ್ಕ ಹೋಗೇತ್ರಿ. ಸೋಮವಾರ ಯಾಕಿತ್ತು, ಹೇಳ್ರಿ?”

“ಯಾಕಂದ್ರ…” ಎಂದು ಅವರು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಶಿಪಾಯಿ ಕಾಕಾ ಮೆಲ್ಲಗೆ, “ಮೇಡಂ, ಡ್ರಮ್ಮು,” ಎಂದರು. ಮೇಡಂ ಅವರ ಕಡೆ ನೋಡಿದರು. ಆ ವಾಕ್ಯ ಮೊದಲು ಬರೆದವರು ತಾವೇ ಎಂದು ಅವರಿಗೆ ನೆನಪಾಯಿತೆಂದು ಮುಖ ನೋಡಿಯೇ ತಿಳಿಯಿತು.

“ಸರಿ, ಅದು ಹೋತು,” ಎಂದರು. “ಮೊದಲನೇ ಪೀರಿಯಡ್ ನಂದು. ಈ ಶಾಲಿಗೆ ಬಂದಾಗಿಂದ ಹತ್ತನೇ ಎ ಹಾಜರಿ ನಾನೇ ತಗೊಂಡೀನಿ.”

“ಹಾಜರಿಗೆ ಐದ ನಿಮಿಷ ಸಾಕ್ರಿ. ಗುರುವಾರ ಒಂದ ದಿನ ವಿಜ್ಞಾನ ಮೇಡಂ ತಗೋತಾರ. ಅವರಿಗೂ ಎಣಸಾಕ ಬರ್ತದ.”

ವಿಜ್ಞಾನದ ಮೇಡಂ ಡೈರಿಯಿಂದ ತಲೆಯೆತ್ತಲಿಲ್ಲ, ಆದರೆ “ತಗೋತೀನಿ” ಎಂದರು.

“ಸೋಮವಾರ ಮಧ್ಯಾಹ್ನ ನಂಗ ಆಫೀಸ್ ಕೆಲಸ.”

“ಗುರುವಾರ ಮೊದಲೆರಡು ಪೀರಿಯಡ್ ನಿಮಗ ಖಾಲಿ ಆಗ್ತಾವಲ್ರಿ, ಆಗ ಮಾಡಬಹುದು.” ಎಂಟನೇ ಬಿ ಕೋಷ್ಟಕದ ಮೇಲೆ ಬೆರಳಿಟ್ಟೆ. “ಮೇಡಂ, ನಾನೂ ಎಂಟನೇ ಬಿ. ನನಗೂ ಕೂಡಲಿಲ್ಲ ಅಂದಿದ್ರು. ಯಾರೂ ಕೂಡಿಸಿ ನೋಡಿರಲಿಲ್ಲ. ಈಗ ಕೂಡೇತಿ, ಗೋಡಿ ಮ್ಯಾಲೆ ಎಲ್ಲರಿಗೂ ಕಾಣ್ತದ. ಇನ್ನ ಕೂಡಂಗಿಲ್ಲ ಅನಬ್ಯಾಡ್ರಿ. ಕೊಡಂಗಿಲ್ಲ ಅನ್ರಿ ಬೇಕಾದ್ರ.”

ಹೆಡ್ ಸರ್ ಕಿಟಕಿ ನೋಡುತ್ತಿದ್ದರು. ಮೇಡಂ ರಿಜಿಸ್ಟರಿನ ಮೇಲೆ ಬಗ್ಗಿದರು, ಪರ್ಸಿನಿಂದ ಕೆಂಪು ಪೆನ್ನು ತೆಗೆದರು, ಒಂದು ಗೆರೆ ಎಳೆದರು. ಪುಟ ತಿರುವಿ ಇನ್ನೊಂದು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

“ಗುರುವಾರ ಅಷ್ಟೇ,” ಎಂದರು. “ಬಾಕಿ ದಿನದ ಕಡೆ ಕೈ ಹಾಕಿದಿ ಅಂದ್ರ ನೋಡು. ಮತ್ತ ಸೋಮವಾರ ಎಲ್ಲ್ಯಾರ ಒಬ್ಬರು ಎರಡ ಕಡೆ ಬಂದ್ರು ಅಂದ್ರ, ನೀನೇ ಆ ನಲವತ್ತು ಮಕ್ಕಳನ್ನ ತಗೊಂಡು ಬಿಸಲಾಗ ಕೂಡಬೇಕು.”

“ಕೂಡ್ತೀನ್ರಿ,” ಎಂದೆ.

ಅವರು ನಗಲಿಲ್ಲ. ಮುಂದೆಯೂ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ.

ಸೋಮವಾರ ಒಂದೂ ಡಿಕ್ಕಿಯಾಗಲಿಲ್ಲ. ಎಲ್ಲ ಬಾಗಿಲಲ್ಲೂ ಒಬ್ಬೊಬ್ಬರೇ. ಊಟದ ಗಂಟೆಯ ನಂತರ ಎಂಟನೇ ಬಿ ಸಾಲಾಗಿ ನಳದ ಕೋಣೆಗೆ ಹೋಯಿತು. ಅರ್ಧಕ್ಕರ್ಧ ಮಕ್ಕಳ ಹತ್ತಿರ ಬ್ರಷ್ ಇರಲಿಲ್ಲ, ಡ್ರಾಯಿಂಗ್ ಸರ್ ತಮ್ಮ ಚೀಲದಿಂದ ಹಂಚಿದರು. ಐದನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಕಾಗದಗಳ ಮೇಲೆ ಆಕಾಶದ ಮೊದಲ ಪದರ ಬಿದ್ದಿತ್ತು, ಎಲ್ಲ ಇನ್ನೂ ಒದ್ದೆ. ನನಗೆ ಐದು-ಆರು ಎರಡೂ ಖಾಲಿ ಇದ್ದುದರಿಂದ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಗಂಟೆ ಹೊಡೆಯಿತು. ಗಣಿತದ ಸರ್ ಸೀಮೆಸುಣ್ಣದ ಡಬ್ಬಿ ಹಿಡಿದು ಮೊಗಸಾಲೆಯಲ್ಲಿ ಬರುತ್ತಿದ್ದರು.

“ಒಂದ ಪೀರಿಯಡ್ ಕೊಡ್ರಿ, ಇವತ್ತೊಂದ ದಿನ,” ಎಂದರು, ಆಗಲೇ ಒಂದು ಕಾಲು ಹೊಸ್ತಿಲೊಳಗೆ. “ಇವರದು ಗಣಿತ ಭಾಳ ಹಿಂದ ಐತಿ. ಚಿತ್ರಾ ಏನ, ಹೋದ್ರೂ ನಡೀತದ.”

ಮಕ್ಕಳ ಬ್ರಷ್ಷುಗಳು ಗಾಳಿಯಲ್ಲೇ ನಿಂತವು. ಇಂಥ ಒಂದು ದಿನ ಎಷ್ಟು ದಿನವಾಗುತ್ತದೆಂದು ಮಕ್ಕಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡ್ರಾಯಿಂಗ್ ಸರ್ ಅಭ್ಯಾಸದಂತೆ ಚೀಲ ಎತ್ತಿಕೊಳ್ಳಲು ಬಗ್ಗಿದರು. ನಾನು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟೆ.

“ನಡಿಯಂಗಿಲ್ರಿ ಸರ್.”

“ನಂಗ ಈಗ ಖಾಲಿ ಐತಿ, ಅದಕ್ಕ ಬಂದೆ.”

“ನಿಮಗ ಖಾಲಿ ಐತಿ ಅಂತ ಗೊತ್ತೈತ್ರಿ,” ಎಂದೆ. “ನಾನೇ ಖಾಲಿ ಇಟ್ಟೀನಿ. ಹೋಗಿ ಚಹಾ ಕುಡೀರಿ.”